ಟೈಟ್ ಮಾಡಿ ಎರಡೇ ದಿನಕ್ಕೆ ಬೋಲ್ಟ್ ತಲೆ ಹಾರಿದೆ: ಹೈಡ್ರೋಜನ್ ಕಾರಣವಾ, ಸ್ಟ್ರೆಸ್ ಕೊರೋಶನ್ನಾ?

ವರ್ಕ್‌ಶಾಪ್ ಹುಬ್ಬಳ್ಳಿ: ಪ್ರೆಸ್ ಮಷೀನಿಗೆ 12.9 ಗ್ರೇಡಿನ ಅಲೆನ್ ಬೋಲ್ಟ್ ಹಾಕಿದ್ದೆವು, ಎಂ16, ಒಟ್ಟು 24. ಕಪ್ಪು ಬೋಲ್ಟು ತುಕ್ಕು ಹಿಡಿಯುತ್ತದೆ ಅಂತ ಹೊರಗೆ ಕೊಟ್ಟು ಜಿಂಕ್ ಪ್ಲೇಟಿಂಗ್ ಮಾಡಿಸಿದೆವು. ಶನಿವಾರ ಟಾರ್ಕ್ ವ್ರೆಂಚಿನಲ್ಲಿ ಸರಿಯಾಗಿಯೇ ಟೈಟ್ ಮಾಡಿದ್ದು. ಸೋಮವಾರ ಬೆಳಿಗ್ಗೆ ನೋಡಿದರೆ ಐದರ ತಲೆ ನೆಲದ ಮೇಲೆ ಬಿದ್ದಿವೆ. ಮಷೀನ್ ಒಂದು ಸಲವೂ ಓಡಿಸಿಲ್ಲ. ಇದು ಸ್ಟ್ರೆಸ್ ಕೊರೋಶನ್ನಾ? ಉಳಿದ 19 ಬೋಲ್ಟ್ ಏನು ಮಾಡಲಿ?

ಫ್ಯಾಬ್ರಿಕೇಶನ್ ಅಣ್ಣ: ಸ್ಟ್ರೆಸ್ ಕೊರೋಶನ್ನೇ. ಬೋಲ್ಟಿನಲ್ಲಿ ಎಳೆತ ಇದೆ, ಗಾಳಿಯಲ್ಲಿ ತೇವ ಇದೆ, ಎರಡೂ ಸೇರಿದರೆ ಬಿರುಕು. ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ತಲೆನೋವೇ ಇರಲ್ಲ.

ಲೋಹದ ಗೆಳತಿ: ಅಣ್ಣಾ, ಎಳೆತದ ಮಾತು ಸರಿ, ಉಳಿದದ್ದು ಒಪ್ಪಲಾರೆ. ಒಣ ಶೆಡ್ಡಿನೊಳಗೆ ಎರಡು ರಾತ್ರಿಯಲ್ಲಿ ಹೊಸ ಜಿಂಕ್ ಪದರದ ಕೆಳಗಿನ ಉಕ್ಕನ್ನು ತಿಂದು ಮುರಿಯುವ ತುಕ್ಕು ಯಾವುದು? ಸ್ಟೇನ್‌ಲೆಸ್ ಸಲಹೆಯೂ ಅಪಾಯವೇ. ಮಾಮೂಲಿ 304 ಬೋಲ್ಟಿಗೆ 12.9ರ ಬಲ ಇಲ್ಲ, ಅದೇ ಟಾರ್ಕಿಗೆ ಹಿಗ್ಗಿಬಿಡುತ್ತದೆ.

ಹುಬ್ಬಳ್ಳಿಯವರೇ, ಮೂರು ವಿಷಯ ಹೇಳಿ. ಪ್ಲೇಟಿಂಗಿಗೆ ಮೊದಲು ಆ್ಯಸಿಡ್‌ನಲ್ಲಿ ಎಷ್ಟು ಹೊತ್ತು ಇಟ್ಟಿದ್ದರು? ಪ್ಲೇಟಿಂಗ್ ಆದಮೇಲೆ ಓವನ್ನಿನಲ್ಲಿ ಬೇಕಿಂಗ್ ಮಾಡಿದರಾ? ಮುರಿದ ಮುಖ ಹೇಗಿದೆ?

ವರ್ಕ್‌ಶಾಪ್ ಹುಬ್ಬಳ್ಳಿ: ಈಗಷ್ಟೇ ಫೋನ್ ಮಾಡಿ ಕೇಳಿದೆ. ಕಪ್ಪು ಪದರ ಬೇಗ ಬಿಡಲಿಲ್ಲ ಅಂತ ಆ್ಯಸಿಡ್ ತೊಟ್ಟಿಯಲ್ಲಿ ಅರ್ಧ ಗಂಟೆಗೂ ಜಾಸ್ತಿ ಇಟ್ಟಿದ್ದರಂತೆ. ಬೇಕಿಂಗ್ ಮಾಡಿಲ್ಲ, "ನೀವು ಹೇಳಲಿಲ್ವಲ್ಲ" ಅಂದರು. ಐದೂ ತಲೆಯ ಕೆಳಗಿನ ತಿರುವಿನಲ್ಲೇ ಮುರಿದಿವೆ. ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತದೆ. ಎಳೆದು ಸಣ್ಣಗಾದ ಗುರುತೇ ಇಲ್ಲ.

ಲೋಹದ ಗೆಳತಿ: ಹಾಗಾದರೆ ನನ್ನ ಮಟ್ಟಿಗೆ ಇದು ಹೈಡ್ರೋಜನ್ ಎಂಬ್ರಿಟಲ್‌ಮೆಂಟ್, ಅಂದರೆ ಒಳಗೆ ಸೇರಿದ ಹೈಡ್ರೋಜನ್ನಿನಿಂದ ಉಕ್ಕು ಪೆಡಸಾಗಿ ಮುರಿಯುವುದು. ಆ್ಯಸಿಡ್ ಉಕ್ಕನ್ನು ಕಚ್ಚುವಾಗ ಹೈಡ್ರೋಜನ್ ಹುಟ್ಟುತ್ತದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟ್ ಕೊಟ್ಟಾಗ ಇನ್ನಷ್ಟು. ಹೆಚ್ಚಿನದು ಗುಳ್ಳೆಯಾಗಿ ಹೋಗುತ್ತದೆ, ಸ್ವಲ್ಪ ಉಕ್ಕಿನ ಒಳಗೆ ಇಳಿಯುತ್ತದೆ. ಮೇಲೆ ಜಿಂಕ್ ಕೂತಮೇಲೆ ಅದು ಸುಲಭವಾಗಿ ಹೊರಬರಲಾರದು. ಟೈಟ್ ಮಾಡಿದಾಗ ಎಳೆತ ಎಲ್ಲಿ ಜಾಸ್ತಿಯೋ ಆ ಜಾಗಕ್ಕೆ, ಅಂದರೆ ತಲೆಯ ಕೆಳಗಿನ ತಿರುವಿಗೆ, ನಿಧಾನವಾಗಿ ಸರಿದು ಸೇರುತ್ತದೆ. ಹಾಗೆ ಸರಿಯಲು ಸಮಯ ಬೇಕು. ಅದಕ್ಕೇ ಟೈಟ್ ಮಾಡುವಾಗ ಏನೂ ಆಗದೆ ಎರಡು ದಿನ ಬಿಟ್ಟು ಮುರಿದದ್ದು. ಖಚಿತ ಬೇಕಾದರೆ ಒಂದು ತುಂಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಡಿ. ಬಿರುಕು ಕಣಗಳ ಅಂಚು ಹಿಡಿದು ಹೋಗಿರುವುದು ಕಾಣುತ್ತದೆ.

ಫ್ಯಾಬ್ರಿಕೇಶನ್ ಅಣ್ಣ: ಸರಿ, ಹಾಗಾದರೆ ಉಳಿದ 19 ಬಿಚ್ಚಿ ಈಗ ಬೇಕ್ ಮಾಡಿ ಮತ್ತೆ ಹಾಕಲಿ. ಹೈಡ್ರೋಜನ್ ಹೋದರೆ ಮುಗೀತು.

ಪ್ಲೇಟಿಂಗ್ ಲೈನ್: ಬೇಡ! ನಾನು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ತೊಟ್ಟಿಯಿಂದ ತೆಗೆದ ನಾಲ್ಕು ಗಂಟೆಯೊಳಗೆ ಓವನ್ನಿಗೆ ಹೋಗಬೇಕು, 200 ಡಿಗ್ರಿ ಆಸುಪಾಸಿನಲ್ಲಿ ಕಡಿಮೆ ಅಂದರೂ ನಾಲ್ಕು ಗಂಟೆ. 12.9ಕ್ಕೆ ನಾವು ಇನ್ನೂ ಜಾಸ್ತಿ ಹೊತ್ತು ಇಡುತ್ತೇವೆ. ಒಂದು ಸಲ ಟೈಟ್ ಮಾಡಿದ ಬೋಲ್ಟಿನೊಳಗೆ ಸಣ್ಣ ಬಿರುಕು ಆಗಲೇ ಶುರುವಾಗಿರಬಹುದು. ಓವನ್ ಹೈಡ್ರೋಜನ್ ತೆಗೆಯುತ್ತದೆ, ಬಿರುಕನ್ನು ಮುಚ್ಚಲ್ಲ. ಆ 19ನ್ನೂ ಗುಜರಿಗೆ ಹಾಕಿ. ಬಿಚ್ಚುವಾಗ ಎದುರಿಗೆ ಮುಖ ಇಡಬೇಡಿ.

ಒಂದು ಮಾತು, 8.8 ಬೋಲ್ಟಿಗೆ ಇಷ್ಟು ವರ್ಷದಲ್ಲಿ ಒಂದೂ ಹೀಗೆ ಮುರಿದ ದೂರು ನನಗೆ ಬಂದಿಲ್ಲ.

ಲೋಹದ ಗೆಳತಿ: ಅದೇ ಮುಖ್ಯ. ಗಡಸು ಜಾಸ್ತಿಯಾದಷ್ಟೂ ಉಕ್ಕು ಹೈಡ್ರೋಜನ್ನಿಗೆ ಸೋಲುತ್ತದೆ. ರಾಕ್‌ವೆಲ್ ಸಿ ಅಳತೆಯಲ್ಲಿ 12.9 ಅಂದರೆ ಸುಮಾರು 39ರಿಂದ 44. 8.8 ಅದರ ಎಷ್ಟೋ ಕೆಳಗಿದೆ. 39 ದಾಟಿದ್ದಕ್ಕೆ ಕರೆಂಟ್ ಕೊಟ್ಟು ಜಿಂಕ್ ಹಾಕಿಸಲೇಬೇಡಿ ಅಂತ ನಾನು ಹೇಳುತ್ತೇನೆ. ಆ್ಯಸಿಡ್ ಇಲ್ಲದೆ ಬ್ಲಾಸ್ಟ್ ಮಾಡಿ ಬಳಿಯುವ ಜಿಂಕ್ ಫ್ಲೇಕ್ ಕೋಟಿಂಗ್ ಇದೆಯಲ್ಲ.

ಸೋಲಾರ್ ಬಳಕೆದಾರ: ನಮ್ಮ ಮನೆಯ ಸೋಲಾರ್ ನೀರಿನ ಟ್ಯಾಂಕ್ 304 ಸ್ಟೇನ್‌ಲೆಸ್, ಬೋರ್‌ವೆಲ್ ನೀರು. ನಾಲ್ಕು ವರ್ಷಕ್ಕೆ ವೆಲ್ಡಿನ ಪಕ್ಕ ಸೋರಲು ಶುರುವಾಯಿತು. ರಿಪೇರಿಯವನು ಕೆಂಪು ಬಣ್ಣ ಹಾಕಿ ಒರೆಸಿದಾಗ ಮರದ ಕೊಂಬೆಯಂತೆ ಕವಲೊಡೆದ ಗೆರೆಗಳು ಕಂಡವು. ನಮ್ಮದಕ್ಕೂ ಬೇಕಿಂಗ್ ಮಾಡಬೇಕಿತ್ತಾ?

ಲೋಹದ ಗೆಳತಿ: ಇಲ್ಲ, ನಿಮ್ಮದು ಬೇರೆ ಕಥೆ. ಅಣ್ಣ ಹೇಳಿದ ಸ್ಟ್ರೆಸ್ ಕೊರೋಶನ್ ಕಾಣುವುದು ನಿಮ್ಮ ಟ್ಯಾಂಕಿನಲ್ಲಿ. ವೆಲ್ಡ್ ತಣ್ಣಗಾದಾಗ ಪಕ್ಕದ ತಗಡಿನಲ್ಲಿ ಎಳೆತ ಉಳಿಯುತ್ತದೆ. ನೀರಿನಲ್ಲಿ ಕ್ಲೋರೈಡ್ ಇದೆ, ಬಿಸಿ 60 ಡಿಗ್ರಿ ದಾಟುತ್ತದೆ. ಈ ಮೂರೂ ಕೂಡಿದರೆ 304 ತಡೆಯಲ್ಲ, 316 ಸ್ವಲ್ಪ ತಡವಾಗಿ ಸೋಲುತ್ತದೆ. ಇಲ್ಲಿ ಬಿರುಕಿನ ತುದಿಯಲ್ಲಿ ಲೋಹವೇ ಕರಗುತ್ತಾ ಮುಂದೆ ಹೋಗುತ್ತದೆ. ನಿಕಲ್ 8ರಿಂದ 10 ಶೇಕಡಾ ಇರುವ ಸ್ಟೇನ್‌ಲೆಸ್ಸೇ ಇದಕ್ಕೆ ಅತಿ ಸುಲಭದ ತುತ್ತು, 304 ಸರಿಯಾಗಿ ಅಲ್ಲೇ ಕೂತಿದೆ. ಡ್ಯುಪ್ಲೆಕ್ಸ್ ಸ್ಟೇನ್‌ಲೆಸ್ ಅಥವಾ ನಿಕಲ್ ಇಲ್ಲದ 444 ಇದನ್ನು ಎಷ್ಟೋ ಚೆನ್ನಾಗಿ ತಡೆಯುತ್ತವೆ.

ಬಿಸಿ ಇಲ್ಲದೆಯೂ ಆಗುತ್ತದೆ. 1985ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಈಜುಕೊಳದ ಕಾಂಕ್ರೀಟ್ ಛಾವಣಿ ಕುಸಿದು 12 ಜನ ಸತ್ತರು. ಅದನ್ನು ತೂಗಿಹಾಕಿದ್ದ ಸ್ಟೇನ್‌ಲೆಸ್ ಸರಳುಗಳು ಕೊಳದ ಕ್ಲೋರಿನ್ ಗಾಳಿಯಲ್ಲಿ ಬಿರುಕು ಬಿಟ್ಟಿದ್ದವು.

ಫ್ಯಾಬ್ರಿಕೇಶನ್ ಅಣ್ಣ: ಎರಡರಲ್ಲೂ ಎಳೆತ ಬೇಕು, ಎರಡರಲ್ಲೂ ದಿಢೀರ್ ಬಿರುಕು. ಹೆಸರು ಮಾತ್ರ ಬೇರೆ ಅಲ್ವಾ?

ಲೋಹದ ಗೆಳತಿ: ಪರಿಹಾರ ತಿರುಗುಮುರುಗು ಆಗುತ್ತದೆ, ಅಣ್ಣಾ. ಅದಕ್ಕೇ ಬೇರೆ ಹೆಸರು ಬೇಕು. ಲೋಹ ಕರಗಿ ಬರುವ ಬಿರುಕಿಗೆ ಜಿಂಕ್ ತುಂಡು ಜೋಡಿಸಿದರೆ ಕರಗುವುದು ನಿಂತು ಬಿರುಕೂ ನಿಲ್ಲಬಹುದು. ಹೈಡ್ರೋಜನ್ನಿಗೆ ಸೋಲುವ ಗಡಸು ಉಕ್ಕಿಗೆ ಅದೇ ಜಿಂಕ್ ಜೋಡಿಸಿ ನೀರು ತಾಗಿಸಿದರೆ ಉಕ್ಕಿನ ಮೇಲೆ ಇನ್ನಷ್ಟು ಹೈಡ್ರೋಜನ್ ಹುಟ್ಟಿ ಬೇಗ ಮುರಿಯುತ್ತದೆ.

ಪ್ಲೇಟಿಂಗ್ ಲೈನ್: ಸ್ಯಾನ್ ಫ್ರಾನ್ಸಿಸ್ಕೊದ ಬೇ ಬ್ರಿಡ್ಜ್ ಕಥೆ ಹೇಳಿ ಮೇಡಂ. ಎಲ್ಲರೂ ಪ್ಲೇಟಿಂಗಿನವರನ್ನೇ ಬೈಯುತ್ತಾರೆ, ಅಲ್ಲಿ ಆ್ಯಸಿಡ್ಡೇ ಇರಲಿಲ್ಲ.

ಲೋಹದ ಗೆಳತಿ: ನಿಜ. ಮೂರು ಇಂಚು ದಪ್ಪದ ಗಡಸು ಉಕ್ಕಿನ ರಾಡುಗಳು, ಬ್ಲಾಸ್ಟ್ ಮಾಡಿ ಕರಗಿದ ಜಿಂಕಿನಲ್ಲಿ ಅದ್ದಿದ್ದವು. 2013ರ ಮಾರ್ಚಿನಲ್ಲಿ 96 ರಾಡುಗಳನ್ನು ಎಳೆದು ಬಿಗಿದ ಕೆಲವೇ ದಿನಗಳಲ್ಲಿ 32 ತುಂಡಾದವು. ಬಿಗಿಯುವ ಮುಂಚೆ ಅವು ವರ್ಷಗಟ್ಟಲೆ ನೀರು ನಿಂತ ಗುಂಡಿಗಳಲ್ಲಿ ಕೂತಿದ್ದವು. ಕೊನೆಗೆ ಉಕ್ಕಿನ ಸ್ಯಾಡಲ್ ಕಟ್ಟಿ, ಕೇಬಲ್ ಎಳೆದು ಅವುಗಳ ಕೆಲಸ ವಹಿಸಬೇಕಾಯಿತು.

ಪ್ಲೇಟಿಂಗ್ ಲೈನ್: ಅಂದರೆ ಹೈಡ್ರೋಜನ್ ಹೊರಗಿನ ನೀರಿನಿಂದ ಬಂದದ್ದು. ಹಾಗಾದರೆ ಅದನ್ನೂ ಸ್ಟ್ರೆಸ್ ಕೊರೋಶನ್ ಅನ್ನಬೇಕಲ್ವಾ? ಎಳೆತ, ನೀರು, ತುಕ್ಕು ಎಲ್ಲ ಇದೆ.

ಲೋಹದ ಗೆಳತಿ: ಇಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ. ಹೊರಗಿನಿಂದ ಬಂದ ಹೈಡ್ರೋಜನ್ ಅಂತ ಬೇರೆ ಹೆಸರಿಡುವವರಿದ್ದಾರೆ, ಸ್ಟ್ರೆಸ್ ಕೊರೋಶನ್ನಿನ ಒಂದು ಬಗೆ ಅನ್ನುವವರೂ ಇದ್ದಾರೆ. 7075 ಅಲ್ಯೂಮಿನಿಯಂ ತೇವದ ಗಾಳಿಯಲ್ಲಿ ಬಿರುಕು ಬಿಡುವುದಕ್ಕೂ ಇದೇ ಜಗಳ. ನಾನು ಮೊದಲನೆಯವರ ಕಡೆ, ಯಾಕಂದರೆ ಜಿಂಕ್ ಇಲ್ಲಿ ಕಾಪಾಡಲ್ಲ, ಕೆಡಿಸುತ್ತದೆ.

ಪ್ಲೇಟಿಂಗ್ ಲೈನ್: ನಾನು ಒಪ್ಪಲ್ಲ. ತುಕ್ಕು ನಿಲ್ಲಿಸಿದ್ದರೆ ರಾಡೂ ಉಳಿಯುತ್ತಿತ್ತು.

ವರ್ಕ್‌ಶಾಪ್ ಹುಬ್ಬಳ್ಳಿ: ಹತ್ತೊಂಬತ್ತೂ ಬಿಚ್ಚಿದೆವು, ಪಕ್ಕಕ್ಕೆ ನಿಂತು ಉದ್ದ ಹಿಡಿಯ ಸ್ಪ್ಯಾನರಿನಲ್ಲಿ. ಬಿಚ್ಚುವಾಗ ಇನ್ನೊಂದು ತಲೆ ಕೈಗೇ ಬಂತು. ಹೊಸ 12.9 ಕಪ್ಪು ಬೋಲ್ಟ್ ತರಿಸಿ ಎಣ್ಣೆ ಹಚ್ಚಿ ಹಾಕುತ್ತಿದ್ದೇವೆ. ಇನ್ನೊಂದು ಮಷೀನಿನಲ್ಲಿ ಇದೇ ಕಡೆ ಪ್ಲೇಟಿಂಗ್ ಮಾಡಿಸಿದ 10.9 ಬೋಲ್ಟ್ ಎಂಟು ತಿಂಗಳಿಂದ ಇವೆ. ಅವನ್ನೂ ತೆಗೆಯಬೇಕಾ?

ಲೋಹದ ಗೆಳತಿ: ಒಳಗೆ ಸಿಕ್ಕಿಕೊಂಡ ಹೈಡ್ರೋಜನ್ನಿನಿಂದ ಮುರಿಯುವುದಾದರೆ ಮೊದಲ ದಿನಗಳಲ್ಲೇ ಮುರಿಯುತ್ತಿದ್ದವು. ಎರಡು ಬೋಲ್ಟ್ ಬಿಚ್ಚಿ ಗಡಸು ಅಳತೆ ಮಾಡಿಸಿ. 39ಕ್ಕಿಂತ ಕೆಳಗಿದ್ದು, ಮಷೀನಿನ ಆ ಜಾಗಕ್ಕೆ ಕೂಲಂಟ್ ನೀರು ಬೀಳದಿದ್ದರೆ ನಾನಾಗಿದ್ದರೆ ಬಿಡುತ್ತಿದ್ದೆ.

ವರ್ಕ್‌ಶಾಪ್ ಹುಬ್ಬಳ್ಳಿ: ಕೂಲಂಟ್ ಬೀಳುತ್ತದೆ ಮೇಡಂ.

ಲೋಹದ ಗೆಳತಿ: ಹಾಗಾದರೆ ಬಿಡಬೇಡಿ, ತೆಗೆಯಿರಿ.