ಸಹಾಯ ಬೇಕು: ಗೇಮ್‌ನಲ್ಲಿ ಬೈಯುವವನು ಹೊಸ ಐಡಿಯಿಂದ ಮತ್ತೆ ಬರುತ್ತಿದ್ದಾನೆ

ನಮಸ್ಕಾರ, ನಾವು ಗಂಗಾವತಿಯವರು. ಒಂಬತ್ತನೇ ಕ್ಲಾಸಿನ ನನ್ನ ತಮ್ಮ ಮೊಬೈಲ್‌ನಲ್ಲಿ ನಾಲ್ಕು ಜನರ ಸ್ಕ್ವಾಡ್ ಗೇಮ್ ಆಡುತ್ತಾನೆ. ಟೀಮಿಗೆ ಬಂದ ಅಪರಿಚಿತನೊಬ್ಬ ಮೈಕ್‌ನಲ್ಲಿ ಅವ್ವನನ್ನು ಎತ್ತಿ ಬೈದ. ತಮ್ಮ ಮ್ಯೂಟ್ ಮಾಡಿದ, ಮ್ಯಾಚ್ ಮುಗಿದ ಮೇಲೆ ರಿಪೋರ್ಟ್, ಬ್ಲಾಕ್ ಎರಡೂ ಮಾಡಿದ. ಆದರೆ ಬ್ಲಾಕ್ ಆಗುವುದು ಅಕೌಂಟ್, ಆಸಾಮಿ ಅಲ್ಲ, ಅಲ್ವಾ? ಈಗ ಹೊಸ ಐಡಿಯಿಂದ ರಿಕ್ವೆಸ್ಟ್ ಕಳಿಸುತ್ತಾನೆ. ದನಿ ಅದೇ, ಬೈಗುಳವೂ ಅದೇ.

ಸಾಕ್ಷಿಗೆ ಅಂತ ಸ್ಕ್ರೀನ್ ರೆಕಾರ್ಡ್ ಮಾಡಿದೆವು. ಗುಂಡಿನ ಸದ್ದೆಲ್ಲ ಬಂದಿದೆ, ಅವನ ಮಾತು ಮಾತ್ರ ಇಲ್ಲ! ಆಂಡ್ರಾಯ್ಡ್‌ನಲ್ಲಿ ಗೇಮಿನ ಸದ್ದು ಬೇರೆ, ಕಾಲ್ ಥರದ ವಾಯ್ಸ್ ಬೇರೆ. ರೆಕಾರ್ಡರ್‌ಗೆ ಎರಡನೆಯದು ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಸ್ಪೀಕರ್ ಆನ್ ಮಾಡಿ ಅಪ್ಪನ ಫೋನಿನಲ್ಲಿ ವಿಡಿಯೋ ತೆಗೆದೆ. ಅವನ ಪ್ರೊಫೈಲ್ ತೆರೆದು ನಂಬರ್ ಐಡಿಯನ್ನೂ ಸ್ಕ್ರೀನ್‌ಶಾಟ್ ಮಾಡಿಟ್ಟಿದ್ದೇನೆ. ಹೆಸರು ದಿನಕ್ಕೊಂದು ಇಟ್ಟುಕೊಳ್ಳಬಹುದು, ಆ ನಂಬರ್ ಬದಲಾಗಲ್ಲ.

ಸದ್ಯಕ್ಕೆ ತಮ್ಮನ ವಾಯ್ಸ್ ಚಾನೆಲ್ ಆಫ್ ಇದೆ. ಸುಮ್ನೆ ಗೇಮ್ ಡಿಲೀಟ್ ಮಾಡು ಅನ್ನಬೇಡಿ, ಅವನದೇನು ತಪ್ಪು?

ಕೇಳಬೇಕಾದದ್ದು ಇಷ್ಟು. ಗೇಮಿನ ಕಸ್ಟಮರ್ ಸಪೋರ್ಟ್‌ಗೆ ಹಳೇ, ಹೊಸ ಐಡಿ ಎರಡನ್ನೂ ಸೇರಿಸಿ ಬರೆದರೆ ಕ್ರಮ ತೆಗೆದುಕೊಳ್ಳುತ್ತಾರಾ? ಮೊನ್ನೆ "ನಿಮ್ಮ ಮನೆ ಗೊತ್ತು" ಅಂತಲೂ ಹೆದರಿಸಿದ. cybercrime.gov.in ನಲ್ಲಿ ಇಂಥ ದೂರು ಕೊಟ್ಟವರು ಕೊಪ್ಪಳ, ರಾಯಚೂರು ಕಡೆ ಯಾರಾದರೂ ಇದ್ದೀರಾ? ಠಾಣೆಯಲ್ಲಿ ಏನೇನು ಕೇಳಿದರು ಅಂತ ತಿಳಿಸಿ.