ಅಪ್‌ಡೇಟ್: ಬಾರದ ಸೂಟ್‌ಕೇಸ್, ಎರಡನೇ ಇಮೇಲ್‌ಗೆ ದುಡ್ಡು ಬಂತು

ನಾನು ಕೇಳಿದ್ದು: "ದುಬೈನಿಂದ ಬೆಂಗಳೂರಿಗೆ ಬಂದಾಗ ಸೂಟ್‌ಕೇಸ್ ಬರಲಿಲ್ಲ. ಏರ್‌ಲೈನ್‌ಗೆ ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಗೆ ಬರೆಯಲಿ?"

ಮೊದಲ ಇಮೇಲ್‌ನಲ್ಲಿ ಅಮ್ಮನ ಸೀರೆ, ನನ್ನ ಬೇಜಾರು ಎಲ್ಲ ತುಂಬಿಸಿದ್ದೆ, ಸುಮ್ನೆ ಒಂದು ಕ್ಷಮೆ ಬಂತು ಅಷ್ಟೆ. ಈ ಸಲ ನೀವು ಹೇಳಿದ ಹಾಗೆ ಬರೀ ತಾರೀಖು ಬರೆದೆ: ಮಾರ್ಚ್ 3ಕ್ಕೆ ಇಳಿದೆ, ಅವತ್ತೇ ಏರ್‌ಪೋರ್ಟ್‌ನಲ್ಲಿ ಪಿಐಆರ್, ಅಂದರೆ ಲಗೇಜ್ ಬಂದಿಲ್ಲ ಅನ್ನೋ ದೂರು, ಬರೆಸಿ ಅದರ ನಂಬರ್ ಇಟ್ಟುಕೊಂಡೆ, 24ಕ್ಕೆ 21 ದಿನ ಮುಗಿಯಿತು. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಇರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಷ್ಟು ದಿನ ದಾಟಿದರೆ ಪರಿಹಾರ ಕೇಳಬಹುದು, "ಇನ್ನೂ ಹುಡುಕುತ್ತಿದ್ದೇವೆ" ಅನ್ನೋ ನೆಪ ನಡೆಯಲ್ಲ. ಕೊನೆಗೆ ಒಂದೇ ಸಾಲು:

```
Please pay Rs 46,200 by 10 April 2025.
```

38,000 ರೂಪಾಯಿ ಬಂತು. ಬಿಲ್ ಇಲ್ಲದ ಎರಡು ಸೀರೆಗೆ ಮಾತ್ರ ಒಂದು ಪೈಸೆ ಕೊಡಲಿಲ್ಲ, ಅಮ್ಮ ಇನ್ನೂ ಮುನಿಸಿಕೊಂಡಿದ್ದಾರೆ.