ಬಿದ್ದ, ಎದ್ದ ಸರಿ ಬರುತ್ತೆ, ಕದ್ದ ಬಂದಾಗ ನಿಯಮ ಕೆಡುತ್ತೆ. ಯಾರಾದರೂ ನೋಡಿ

ಪದಬೇಟೆ: ತಲೆ ಕೆಟ್ಟಿದೆ. ಇವತ್ತಿನ ಕನ್ನಡದ ರೂಪಗಳನ್ನಷ್ಟೇ ಇಟ್ಟುಕೊಂಡು, ಹಳೆಯ ಶಾಸನವಾಗಲಿ ತಮಿಳಾಗಲಿ ಮುಟ್ಟದೆ, ಈಗಿನ ಒಂದು ಳ ಹಿಂದೆ ಎರಡು ಧ್ವನಿಗಳಾಗಿತ್ತು ಅಂತ ತೋರಿಸಬೇಕು. ಬೀಳು–ಬಿದ್ದ, ಏಳು–ಎದ್ದ ಒಂದು ಗುಂಪು, ಕೇಳು–ಕೇಳಿದ ಇನ್ನೊಂದು. ಆಮೇಲೆ ಕಿಟೆಲ್ ನಿಘಂಟಿನ ಜೊತೆ ತಾಳೆ ನೋಡಿದರೆ ಅರ್ಧ ತಪ್ಪು. ಎಲ್ಲಿ ಎಡವಿದೆ?

ರಗಳೆರಾಯ: ಪಟ್ಟಿ ಹಾಕದೆ ಹೇಗೆ ಹೇಳೋದು? ಆದರೂ ಉತ್ತರ ಸುಲಭ. ಭೂತಕಾಲದಲ್ಲಿ ದ್ದ ಅಥವಾ ತ್ತ ಬಂದರೆ ಹಳಗನ್ನಡದ ೞ, ಇಲ್ಲದಿದ್ದರೆ ಸಾದಾ ಳ. ಅಳು–ಅತ್ತ, ಉಳು–ಉತ್ತ, ಕೀಳು–ಕಿತ್ತ, ಎಲ್ಲಾ ೞ. ಮುಗೀತು.

ಕರಾವಳಿ_ಹುಡುಗ: ನಮ್ಮ ಶಾಲೆಯ ಮಕ್ಕಳಿಗೂ ಲ, ಳ ಗೊಂದಲ ಇದೆ. ನಾಲಿಗೆ ಹಿಂದಕ್ಕೆ ಮಡಚಿ ಅಂತ ಹೇಳಿಕೊಡಿ, ಒಂದು ವಾರದಲ್ಲಿ ಸರಿಹೋಗುತ್ತೆ.

ಪದಬೇಟೆ: ಉಚ್ಚಾರದ ಪ್ರಶ್ನೆ ಅಲ್ಲ ಸಾರ್. ರಗಳೆರಾಯರೇ, ನಿಮ್ಮ ನಿಯಮವನ್ನೇ ಹಾಕಿದ್ದೆ. ಕದ್ದ ಅನ್ನೋದಕ್ಕೆ ೞ ಅಂತ ಬರುತ್ತೆ, ಆದರೆ ನಿಘಂಟಿನಲ್ಲಿ ಕಳ್, ಸಾದಾ ಳ. ಹೇಳಿದ ಅನ್ನೋದಕ್ಕೆ ಳ ಬರುತ್ತೆ, ಅಲ್ಲಿರೋದು ಪೇೞ್.

ರಗಳೆರಾಯ: ಕದ್ದ ಅಪವಾದ. ಒಂದೆರಡು ಇದ್ದೇ ಇರುತ್ತೆ.

ಶಾಂತಕ್ಕ: ಅಪವಾದ ಅಂತ ಕೈತೊಳೆದುಕೊಳ್ಳೋಕೆ ಆಗಲ್ಲ ರಾಯರೇ. ಗೆಲ್ಲು–ಗೆದ್ದ, ಇರು–ಇದ್ದ ಕೂಡ ಇವೆ. ಲ, ರ, ಳ ಯಾವುದಾದರೂ ದಕಾರದ ಮುಂದೆ ಕರಗಿ ದ್ದ ಆಗಬಹುದು. ಅಂದರೆ ಆ ಜಾಗದಲ್ಲಿ ಗುರುತು ಅಳಿಸಿಹೋಗಿದೆ, ಅಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಭೂತಕಾಲ ಬಿಡಿ, ಧಾತುವನ್ನೇ ನೋಡಿ. ಒಂದೇ ಹ್ರಸ್ವ ಸ್ವರದ ಧಾತುಗಳಲ್ಲಿ ಕೊನೆಯ ಲ, ಳ, ಣ ಇಮ್ಮಡಿ ಆಗುತ್ತೆ: ಗೆಲ್ಲು, ನಿಲ್ಲು, ಉಣ್ಣು, ಕೊಳ್ಳು. ನಾಮಪದಗಳಲ್ಲೂ ಹಾಗೇ, ಕಲ್ಲು, ಮುಳ್ಳು, ಎಳ್ಳು. ರ ಆಗಲ್ಲ: ಬರು, ತರು, ಇರು. ಈಗ ಅಳು, ಉಳು, ಹುಳು ತಗೊಳ್ಳಿ. ಬರೆಯೋದು ಳ, ಆದರೆ ಅಳ್ಳು, ಹುಳ್ಳು ಅಂತ ಯಾರೂ ಅನ್ನಲ್ಲ. ಈ ಳ ನಡೆದುಕೊಳ್ಳೋದು ರಕಾರದ ಹಾಗೆ. ಹಾಗಾಗಿ ರಕಾರಕ್ಕೆ ಹತ್ತಿರದ ಬೇರೊಂದು ಧ್ವನಿ ಇತ್ತು, ಆಮೇಲೆ ಳಕಾರದಲ್ಲಿ ಸೇರಿಹೋಯಿತು. ಇದು ಶಾಸನ ನೋಡದೇ ಸಿಗೋ ಸಾಕ್ಷಿ. ಕಳ್ಳ ಇಮ್ಮಡಿ ಆಗಿದೆ, ಆದ್ದರಿಂದ ಅದು ಸಾದಾ ಳ. ನಿಮ್ಮ ಕದ್ದ ಅಲ್ಲಿಗೆ ಸರಿಹೋಯಿತು.

ಪದಬೇಟೆ: ಆಹಾ! ಮತ್ತೆ ಹೇಳು–ಹೇಳಿದ ಕಥೆ ಏನು?

ಶಾಂತಕ್ಕ: ದೀರ್ಘ ಸ್ವರ ಇದ್ದರೆ ಇಮ್ಮಡಿ ಆಗೋದೇ ಇಲ್ಲ, ಪರೀಕ್ಷೆ ನಡೆಯಲ್ಲ. ಹೇಳಿದ, ಕೇಳಿದ ಎರಡೂ ಒಂದೇ ಅಚ್ಚಿಗೆ ಬಿದ್ದಿವೆ. ಹಳಗನ್ನಡದಲ್ಲಿ ಪೇೞ್ದು, ಕೇಳ್ದು ಬೇರೆ ಬೇರೆ ಇದ್ದವು. ಇವತ್ತಿನ ರೂಪಗಳಿಂದ ಮಾತ್ರ ಅದನ್ನು ವಾಪಸ್ ತರೋಕೆ ಆಗಲ್ಲ. ಬೀಳು ವಿಷಯದಲ್ಲೂ ನಿಮಗೆ ಸಿಕ್ಕಿದ್ದು ಅದೃಷ್ಟದ ಉತ್ತರ, ಪುರಾವೆ ಅಲ್ಲ. ಕೇಶಿರಾಜ 13ನೇ ಶತಮಾನದಲ್ಲಿ ೞ ಇರೋ ಪದಗಳನ್ನು ಪಟ್ಟಿ ಮಾಡಿಟ್ಟದ್ದು ಸುಮ್ನೆ ಅಲ್ಲ, ಆಗಲೇ ಜನಕ್ಕೆ ಗೊಂದಲ ಶುರುವಾಗಿತ್ತು.

ರಗಳೆರಾಯ: ಅಕ್ಕಾ, ತಮಿಳಿನಲ್ಲಿ ಅೞು, ಪುೞು ಅಂತ ಉಕಾರ ಮೊದಲಿಂದಲೂ ಇದೆ. ಎರಡು ಅಕ್ಷರದ ಧಾತು ಆದರೆ ಇಮ್ಮಡಿ ಆಗದೇ ಇರೋದು ಸಹಜ, ಧ್ವನಿಗೂ ಅದಕ್ಕೂ ಸಂಬಂಧ ಇಲ್ಲ.

ಶಾಂತಕ್ಕ: ತಮಿಳು ತಂದರೆ ಅದು ಹೋಲಿಕೆ ಆಯಿತು, ಅವರು ಕೇಳಿದ ಆಟವೇ ಬೇರೆ.

ರಗಳೆರಾಯ: ಕೇಶಿರಾಜನನ್ನು ನೀವು ಕರೆತರಬಹುದು, ನಾನು ತಮಿಳು ತರಬಾರದು. ಒಳ್ಳೇ ನ್ಯಾಯ!

ಮೊಬೈಲ್_ಮಂಜ: ನನ್ನ ಫೋನಲ್ಲಿ ಆ ಅಕ್ಷರದ ಜಾಗದಲ್ಲಿ ಬರೀ ಚೌಕ ಕಾಣ್ತಿದೆ, ಯಾವ ಅಕ್ಷರ ಅದು?

ಅಂಕಿಪುರುಷ: U+0CDE. ಯೂನಿಕೋಡ್ ಅದಕ್ಕೆ `KANNADA LETTER FA` ಅಂತ ತಪ್ಪು ಹೆಸರಿಟ್ಟಿದೆ, ಒಮ್ಮೆ ಇಟ್ಟ ಹೆಸರು ಬದಲಿಸಲ್ಲವಂತೆ! ಫಾಂಟ್ ಬದಲಾಯಿಸಿ ನೋಡಿ. ನಾನು ಎರಡು ಪರದೆ ಇಟ್ಟುಕೊಂಡಿದ್ದೀನಿ, ಒಂದರಲ್ಲಿ ಕಿಟೆಲ್, ಇನ್ನೊಂದರಲ್ಲಿ ಎಲ್ಲಾ ಕ್ರಿಯಾಪದಗಳ ಹಾಳೆ, ಬಣ್ಣ ಬಣ್ಣದ ಕಾಲಂ. ಅಂದಹಾಗೆ ಈ ವಿಧಾನಕ್ಕೆ ಹತ್ತು ಚೆನ್ನಾಗಿ ಒಗ್ಗುತ್ತೆ. ಒಂಟಿಯಾಗಿ ಹ, ಇಪ್ಪತ್ತು, ಎಪ್ಪತ್ತರಲ್ಲಿ ಪ್ಪ, ಮೂವತ್ತು, ಐವತ್ತರಲ್ಲಿ ವ. ಮೂಲ ಪಕಾರ ಅಂತ ಇಟ್ಟುಕೊಂಡರೆ ಮೂರೂ ಹೊಂದುತ್ತವೆ. ನೀವು ಅದರಿಂದ ಶುರು ಮಾಡಬೇಕಿತ್ತು.

ಪದಬೇಟೆ: ಅದು ನನ್ನ ಪ್ರಶ್ನೆ ಅಲ್ಲ, ಆದರೂ ಥ್ಯಾಂಕ್ಸ್. ಶಾಂತಕ್ಕ, ಹ್ರಸ್ವ ಧಾತುಗಳನ್ನು ಬೇರೆ ಮಾಡಿದೆ, ಈಗ ಕೊಳ್ಳು, ಕಳ್ಳ ಒಂದು ಕಡೆ, ಅಳು, ಉಳು ಇನ್ನೊಂದು ಕಡೆ ಬಂದವು. ದೀರ್ಘದವುಗಳಿಗೆ 'ಗೊತ್ತಿಲ್ಲ' ಅಂತಲೇ ಬರೆದೆ. ಆದರೆ ಇನ್ನೊಂದು ಕಾಡ್ತಿದೆ. ಕೀಳು–ಕಿತ್ತ ಅಂದಾಗ ದೀರ್ಘ ಹೋಗಿ ತ್ತ ಬಂತು. ಹೂಳು–ಹೂತ, ಸೋಲು–ಸೋತ ಅಂದಾಗ ದೀರ್ಘ ಉಳಿದು ಒಂಟಿ ತ. ಯಾವುದು ಹಳೆಯ ಜೋಡಣೆ? ಎರಡಕ್ಕೂ ಒಂದೇ ನಿಯಮ ಬರೆಯೋಕೆ ಆಗ್ತಿಲ್ಲ.

ರಗಳೆರಾಯ: ಅಪವಾದ.

ಮೊಬೈಲ್_ಮಂಜ: ಫಾಂಟ್ ಹಾಕಿದೆ, ಈಗ ಎಲ್ಲಾ ಒತ್ತಕ್ಷರ ಹಾಳಾಗಿದೆ. ಹಳೇದಕ್ಕೆ ವಾಪಸ್ ಹೋಗೋದು ಹೇಗೆ?